84 ಪುಟದ ಡಾಕ್ಯುಮೆಂಟರಿ ಸ್ಕ್ರಿಪ್ಟನ್ನ 2 ನಿಮಿಷದ ಟ್ರೇಲರ್‌ಗೆ ಇಳಿಸೋದು ಹೇಗೆ? (ಕೆಜಿಎಫ್ ಗಣಿ ಕಾಲೋನಿ ಕತೆ)

ಬೆಳಗಿನ_ರೈಲು

ಎಲ್ರಿಗೂ ನಮಸ್ಕಾರ. ಕೆಜಿಎಫ್‌ನಲ್ಲಿ ಮಾರಿಕುಪ್ಪಂ ಕಡೆಯ ಒಂದು ಲೈನ್ ಮನೆ ಕುಟುಂಬದ ಬಗ್ಗೆ ಡಾಕ್ಯುಮೆಂಟರಿ ಮಾಡಿದೀನಿ, ಫೈನಲ್ ಕಟ್ 78 ನಿಮಿಷ, ಎಡಿಟ್ ಸ್ಕ್ರಿಪ್ಟ್ 84 ಪುಟ. ಅಪ್ಪ ಗಣೀಲಿ ಕೆಲಸ ಮಾಡಿದವರು, ಅಮ್ಮ ಅಲ್ಲೇ ಹುಟ್ಟಿ ಬೆಳೆದವರು, ಮಗಳು ದಿನಾ ರೈಲಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರ್ತಾಳೆ. ಮಗಳಿಗೆ ಬೆಂಗಳೂರಿಗೆ ಶಿಫ್ಟ್ ಆಗ್ಬೇಕು, ಅಪ್ಪ ಮನೆ ಬಿಡಲ್ಲ ಅಂತಾರೆ, ಫಿಲ್ಮ್ ಪೂರ್ತಿ ಇದೇ. ಮನೇಲಿ ಎಲ್ರೂ ತಮಿಳು ಮಾತಾಡ್ತಾರೆ, ನಾವು ಕನ್ನಡ ಸಬ್‌ಟೈಟಲ್ ಹಾಕಿದೀವಿ.

ಈಗ ಫೆಸ್ಟಿವಲ್‌ಗೆ ಕಳ್ಸೋಕೆ 2 ನಿಮಿಷದ ಟ್ರೇಲರ್ ಬೇಕು, ಟೀಸರ್ ಥರ ಕುತೂಹಲ ಇಟ್ಕೊಂಡು ಹೋಗ್ಬೇಕು ಅಂತ ಪ್ರೊಡ್ಯೂಸರ್ ಹೇಳಿದಾರೆ. ನಾನು ಬರೆದಿರೋ ಶುರು ಹೀಗಿದೆ, ಎಲ್ಲಾ ವಾಯ್ಸ್ ಓವರ್:

"1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿಗಾರಿಕೆ ಶುರು ಮಾಡಿತು. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ಕರೆಂಟ್ ಬಂತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ಈ ಜನರ ಬದುಕು ಏನಾಯಿತು?"

ಇದಾದ್ಮೇಲೆ ಅಪ್ಪ, ಅಮ್ಮ, ಮಗಳು, ಯೂನಿಯನ್‌ನವರು, ಡಾಕ್ಟರು, ಒಬ್ಬೊಬ್ಬರದೂ ಒಂದೊಂದು ಮಾತು, ಕೊನೇಲಿ ಟೈಟಲ್. ಓದಿದ್ರೆ ಎಲ್ಲಾ ಇದೆ ಅನ್ಸುತ್ತೆ, ಆದ್ರೆ ಎಳ್ಕೊಂಡು ಹೋಗಲ್ಲ. ಎಲ್ಲಿ ಕತ್ತರಿ ಹಾಕ್ಲಿ?

ಧಾರವಾಡದಾಂವ

ಅಲ್ರೀ ಇದಕ್ಕ ಭಾಳ ತಲಿ ಕೆಡಿಸ್ಕೋಬ್ಯಾಡ್ರಿ, ಸ್ಕ್ರಿಪ್ಟ್ ಲೆಕ್ಕ ಅಂದ್ರ ಒಂದು ಪುಟಕ್ಕ ಒಂದು ನಿಮಿಷ, ನಿಮಗ ಎರಡು ಪುಟ ಬೇಕು ಅಷ್ಟ. 84 ಪುಟದಾಗ ಛಲೋ ಇರೋದನ್ನ ತಗದು ಎರಡು ಪುಟಕ್ಕ ಇಳಿಸ್ರಿ. ಮತ್ತ ಮೊದಲ ಐದು ಸೆಕೆಂಡಿನಾಗ ನಿಮ್ಮ ಬೆಸ್ಟ್ ಶಾಟ್ ಎಲ್ಲಾ ಫಟಾಫಟ್ ತೋರಿಸಿಬಿಡ್ರಿ, ಇಲ್ಲಾಂದ್ರ ಮಂದಿ ಸ್ಕ್ರಾಲ್ ಮಾಡಿ ಹೋಗ್ತಾರ.

ಕತ್ತರಿ_ಟೇಬಲ್

ಧಾರವಾಡದವ್ರೇ, ಒಂದು ಪುಟ ಒಂದು ನಿಮಿಷ ಅನ್ನೋದು ಕತೆ ಸಿನಿಮಾದ ಸ್ಕ್ರೀನ್‌ಪ್ಲೇ ಲೆಕ್ಕ, ಅದೂ ಒಂದು ಗೊತ್ತಾದ ಫಾರ್ಮ್ಯಾಟ್‌ನಲ್ಲಿ ಟೈಪ್ ಮಾಡಿದ್ರೆ ಅಂದಾಜಿಗೆ ಸರಿ. ಟ್ರೇಲರ್ ಸ್ಕ್ರಿಪ್ಟ್ ಎರಡು ಕಾಲಂ, ಎಡಕ್ಕೆ ಚಿತ್ರ ಬಲಕ್ಕೆ ಧ್ವನಿ. ಹತ್ತು ಸೆಕೆಂಡಲ್ಲಿ ಹನ್ನೆರಡು ಶಾಟ್ ಬಂದ್ರೆ ಅದೇ ಒಂದು ಪುಟ ಆಗೋಗುತ್ತೆ. ಇಲ್ಲಿ ಪುಟ ಎಣಿಸಿ ಉಪಯೋಗ ಇಲ್ಲ, ಸೆಕೆಂಡ್ ಎಣಿಸ್ಬೇಕು, ಮಾತನ್ನ ಬಾಯಿಬಿಟ್ಟು ಓದಿ ಫೋನ್ ಸ್ಟಾಪ್‌ವಾಚ್ ಇಟ್ಟು ನೋಡ್ಬೇಕು.

ಬೆಳಗಿನ ರೈಲು ಅವ್ರೇ, ನಿಮ್ಮ ವಾಯ್ಸ್ ಓವರ್ ಓದಿ ನೋಡಿದೆ, ಇಪ್ಪತ್ತು ಸೆಕೆಂಡ್ ದಾಟುತ್ತೆ. ಅಂದ್ರೆ ಟ್ರೇಲರಿನ ಆರನೇ ಒಂದು ಭಾಗ ಹೋಯ್ತು, ಇನ್ನೂ ಒಬ್ಬ ಮನುಷ್ಯನ ಮುಖ ಬಂದಿಲ್ಲ. ಇಸವಿಗಳೆಲ್ಲ ಸರಿಯಾಗೇ ಇವೆ, ಆದ್ರೆ ಒಂದು ಇಸವಿ ಕೇಳಿದವನಿಗೆ ಮುಂದಿನ ಇಸವಿ ತಿಳ್ಕೋಬೇಕು ಅಂತ ಏನೂ ಅನ್ಸಲ್ಲ. "ಈ ಜನರ ಬದುಕು ಏನಾಯಿತು" ಅನ್ನೋದು ಕೇಳೋಕೆ ಪ್ರಶ್ನೆ ಥರ ಇದೆ, ಆದ್ರೆ ಅದಕ್ಕೆ ಯಾರ್ ಬೇಕಾದ್ರೂ ಕೂತಲ್ಲೇ ಉತ್ತರ ಊಹಿಸ್ತಾರೆ, ಕಷ್ಟ ಆಯ್ತು ಅಂತ. ಊಹಿಸೋಕಾದ್ಮೇಲೆ ಫಿಲ್ಮ್ ಯಾಕೆ ನೋಡ್ಬೇಕು.

ನಿಮ್ಮ ಫಿಲ್ಮಿನ ಪ್ರಶ್ನೆ ನೀವೇ ಮೇಲೆ ಬರೆದಿದೀರಿ: ಅಪ್ಪ ಮನೆ ಬಿಡ್ತಾರಾ, ಇಲ್ಲಾ ಮಗಳು ಅಪ್ಪನ್ನ ಬಿಟ್ಟು ಹೋಗ್ತಾಳಾ. ಟೀಸರ್ ರಚನೆ ಅಂದ್ರೆ ಆ ಪ್ರಶ್ನೆ ನೋಡೋರ ತಲೇಲಿ ಹುಟ್ಟೋ ಹಾಗೆ ಮಾಡಿ, ಅದು ಬಿಗಿ ಆಗ್ತಾ ಹೋಗಿ, ಉತ್ತರ ಬರೋ ಒಂದು ಹೆಜ್ಜೆ ಮುಂಚೆ ನಿಲ್ಸೋದು. ಆ ಪ್ರಶ್ನೆಗೆ ಸಂಬಂಧ ಇಲ್ದಿರೋದು ಎಷ್ಟೇ ಚೆನ್ನಾಗಿದ್ರೂ ಟ್ರೇಲರಲ್ಲಿ ಬೇಡ. ಯೂನಿಯನ್‌ನವರು, ಡಾಕ್ಟರು ಇಬ್ರೂ ಅಲ್ಲೇ ಹೊರಗೆ ಹೋದ್ರು.

ಈಗ ಒಂದು ಕೆಲ್ಸ ಮಾಡಿ. 84 ಪುಟ ಮುಟ್ಟೋಕೆ ಹೋಗ್ಬೇಡಿ, ಇಂಟರ್ವ್ಯೂ ಟ್ರಾನ್ಸ್‌ಕ್ರಿಪ್ಟ್ ತೆಗೀರಿ. ಒಂಟಿಯಾಗಿ ಕೇಳಿದ್ರೂ "ಯಾಕೆ?" ಅಥವಾ "ಆಮೇಲೆ?" ಅನ್ಸೋ ಮಾತಿಗೆ ಮಾತ್ರ ಗೆರೆ ಹಾಕಿ. ವಿವರಣೆ ಕೊಡೋ ಮಾತು, ಅಭಿಪ್ರಾಯ ಹೇಳೋ ಮಾತು ಬಿಟ್ಬಿಡಿ. ಅದ್ರಲ್ಲಿ ಎಂಟು ಸೆಕೆಂಡಿಗಿಂತ ಚಿಕ್ಕವನ್ನ ಇಲ್ಲಿ ಹಾಕಿ ನೋಡೋಣ.

ಸುಳ್ಯದ_ಹುಡುಗ

ಮಾರಾಯ್ರೆ ನಂದೂ ಇದೇ ಕತೆ. ಒಂದು ಯಕ್ಷಗಾನ ಮೇಳದ ಮೇಲೆ ಮಾಡಿದ್ದು, ಟ್ರೇಲರಲ್ಲಿ ಭಾಗವತರು, ಚೆಂಡೆಯವರು, ಸ್ತ್ರೀವೇಷದವರು, ಬಣ್ಣದ ವೇಷದವರು ಎಲ್ಲರೂ ಒಂದೊಂದು ಮಾತು ಹೇಳ್ತಾರೆ. ಬಿಟ್ರೆ ಬೇಜಾರು ಮಾಡ್ಕೊಳ್ತಾರೆ ಅಂತ ಹಾಕಿದ್ದು. ಈಗ ನೋಡಿದ್ರೆ ಯಾರದ್ದೂ ನೆನಪಿನಲ್ಲಿ ಉಳಿಯೂದಿಲ್ಲ. ಇದಕ್ಕೆ ಎಂತ ಮಾಡುದು?

ಕತ್ತರಿ_ಟೇಬಲ್

ಸುಳ್ಯದವ್ರೇ, ಮಾತು ಒಬ್ಬರಿಗೆ ಇಲ್ಲಾ ಇಬ್ಬರಿಗೆ ಕೊಡಿ, ಮಿಕ್ಕೋರು ಚಿತ್ರದಲ್ಲಿ ಬರ್ಲಿ. ಚೌಕಿಯಲ್ಲಿ ಬಣ್ಣ ಹಚ್ಕೊಳ್ತಾ ಇರೋ ಮುಖ ಎರಡು ಸೆಕೆಂಡ್ ಬಂದ್ರೆ ಅವರಿಗೂ ಸಮಾಧಾನ, ನೋಡೋರಿಗೂ ಆರು ಜನರ ದನಿ ಗುರುತಿಡೋ ತೊಂದರೆ ಇಲ್ಲ. ಎರಡು ನಿಮಿಷದಲ್ಲಿ ಮೂರನೇ ದನಿ ಬಂದಾಗ್ಲೇ ಮೊದಲನೆಯದು ಯಾರದು ಅಂತ ಮರ್ತು ಹೋಗಿರುತ್ತೆ.

ಬೆಳಗಿನ_ರೈಲು

ಟ್ರಾನ್ಸ್‌ಕ್ರಿಪ್ಟ್ ಪೂರ್ತಿ ಓದಿ ಆರಿಸ್ದೆ. ತಮಿಳಿಂದ ಕನ್ನಡಕ್ಕೆ ನಮ್ಮ ಸಬ್‌ಟೈಟಲಲ್ಲಿ ಇರೋ ಹಾಗೇ ಹಾಕ್ತಿದೀನಿ.

ಅಮ್ಮ: "ಮನೇಲಿ ಪಾತ್ರೆ ಅಲುಗಿದ್ರೆ ಸಾಕು, ನಮ್ಮಮ್ಮ ಒಲೆ ಮೇಲಿರೋದನ್ನ ಹಾಗೇ ಬಿಟ್ಟು ಶಾಫ್ಟ್ ಹತ್ರ ಓಡೋರು."

ಅಪ್ಪ: "ನಾನು ಈ ಮನೆಗಿಂತ ಇದರ ಕೆಳಗೇ ಜಾಸ್ತಿ ಇದ್ದೆ."

ಮಗಳು: "ಅಪ್ಪ ಒಂದ್ಸಲ ಹೂಂ ಅಂದಿದ್ರೆ ನಾವು ಯಾವಾಗ್ಲೋ ಬೆಂಗಳೂರಲ್ಲಿರ್ತಿದ್ವಿ."

ಮಗಳು: "ನೀನು ಬರಲ್ಲ ಅಂದ್ರೆ ಬಿಟ್ಟು ಹೋಗ್ತೀನಿ ಅಂದೆ."

ಅಪ್ಪ: "ಗಣಿ ಮತ್ತೆ ತೆಗೆದ್ರೆ ನಾನು ಇಳೀತೀನಿ ಅಂತ ಆಗೆಲ್ಲ ಹೇಳ್ತಿದ್ದೆ. ಈಗ ಹೇಳಲ್ಲ."

ಕೊನೇದನ್ನ "ಗಣಿ ಮತ್ತೆ ತೆಗೆದ್ರೆ ನಾನು ಇಳೀತೀನಿ" ಅಷ್ಟಕ್ಕೇ ಕಟ್ ಮಾಡಿದ್ರೆ ಟ್ರೇಲರ್‌ಗೆ ಸಖತ್ ಪವರ್ ಬರುತ್ತೆ ಅಂತ ನಮ್ಮ ಎಡಿಟರ್ ಹೇಳ್ತಿದಾರೆ.

ಆಂಡರ್ಸನ್‌ಪೇಟೆ_ಮೊಮ್ಮಗಳು

ನಮ್ಮ ತಾತನೂ ಗಣೀಲಿದ್ದವರು, ಅದಕ್ಕೆ ಹೇಳ್ತೀನಿ, ಕೊನೇದನ್ನ ದಯವಿಟ್ಟು ಹಾಗೆ ಕತ್ತರಿಸ್ಬೇಡಿ ಅಕ್ಕ. ಅವರು ಹೇಳ್ತಿರೋದು ಆಸೆ ಬಿಟ್ಟೆ ಅಂತ, ನೀವು ತೋರ್ಸೋದು ಆಸೆ ಇಟ್ಕೊಂಡಿದಾರೆ ಅಂತ. ಅವರ ಮನೆ ಅಕ್ಕಪಕ್ಕದವರು ಅದನ್ನ ಫೋನಲ್ಲಿ ನೋಡಿ ಅವರನ್ನೇ ಹೋಗಿ ಕೇಳ್ತಾರೆ.

ಆ ಪಾತ್ರೆ ಮಾತು ಓದಿ ಮಾತ್ರ ಮೈ ಜುಂ ಅಂತು. ಕೆಳಗೆ ಬಂಡೆ ಸಿಡಿದ್ರೆ ಮೇಲೆ ಮನೆಗಳೆಲ್ಲ ಅಲುಗ್ತಿತ್ತು ಅಂತ ನಮ್ಮಜ್ಜೀನೂ ಹೇಳ್ತಿದ್ರು, ಆ ಶಿಫ್ಟಲ್ಲಿ ತಮ್ಮ ಮನೆಯವರು ಇಳಿದಿದ್ರಾ ಅಂತ ನೋಡೋಕೆ ಹೆಂಗಸ್ರೆಲ್ಲ ಶಾಫ್ಟ್ ಕಡೆ ಹೋಗ್ತಿದ್ರಂತೆ.

ಮೈಸೂರ್_ಮಂಜ

ಟ್ರೇಲರಲ್ಲಿ ಎಲ್ರೂ ಮಾತು ಕತ್ತರಿಸಿ ಜೋಡಿಸ್ತಾರೆ ಗುರೂ, ಅದಿಲ್ದೆ ಎರಡು ನಿಮಿಷಕ್ಕೆ ತರೋಕೆ ಆಗೋದೇ ಇಲ್ಲ. ಪೂರ್ತಿ ಮಾತು ಫಿಲ್ಮಲ್ಲಿ ಇದ್ದೇ ಇದೆಯಲ್ಲ.

ಕತ್ತರಿ_ಟೇಬಲ್

ಮಂಜಣ್ಣ, ಕತ್ತರಿಸೋದು ತಪ್ಪಲ್ಲ. ಮಾತಿನ ಮಧ್ಯದ "ಅದೂ... ಏನಂದ್ರೆ" ತೆಗಿಬಹುದು, ಎರಡು ವಾಕ್ಯದ ನಡುವಿನ ನಾಲ್ಕು ವಾಕ್ಯ ತೆಗಿಬಹುದು. ನಾನು ನೋಡೋದು ಇಷ್ಟೇ, ಆ ಮನುಷ್ಯ ಪಕ್ಕದಲ್ಲಿ ಕೂತು ಟ್ರೇಲರ್ ನೋಡಿದ್ರೆ "ಹೌದು ನಾನು ಹೇಳಿದ್ದು ಇದನ್ನೇ" ಅಂತಾರಾ. ಇಲ್ಲಿ ಅನ್ನಲ್ಲ. ಅದ್ರ ಮೇಲೆ ಟ್ರೇಲರಿಗೂ ಅದು ನಷ್ಟಾನೇ, ಯಾಕಂದ್ರೆ ಗಣಿ ಮತ್ತೆ ತೆಗಿಯುತ್ತಾ ಅನ್ನೋ ಎರಡನೇ ಪ್ರಶ್ನೆ ಹುಟ್ಕೊಂಡು ಮಗಳ ಪ್ರಶ್ನೆ ಹಿಂದೆ ಸರಿಯುತ್ತೆ. ಅದಕ್ಕೆ ಆ ಮಾತನ್ನೇ ಬಿಟ್ಟಿದೀನಿ.

ಮಿಕ್ಕ ನಾಲ್ಕು ಮಾತಲ್ಲಿ ನಿಮ್ಮ ಟ್ರೇಲರ್ ಪೂರ್ತಿ ಇದೆ. ನೀವು ಯಾವ ಶಾಟ್ ಇದೆ ಅಂತ ಹೇಳಿಲ್ಲ, ನಾನು ಊಹೆ ಮೇಲೆ ಬರೀತಿದೀನಿ, ನಿಮ್ಮ ಹತ್ರ ಇರೋದಕ್ಕೆ ಬದಲಾಯಿಸ್ಕೊಳ್ಳಿ.

0:00 – ಕಪ್ಪು ಪರದೆ. ಸ್ಟೀಲ್ ಪಾತ್ರೆ ಸಣ್ಣಗೆ ಅಲುಗೋ ಸದ್ದು. ಗೂಡಿನ ಮೇಲೆ ಜೋಡಿಸಿಟ್ಟ ಪಾತ್ರೆಗಳು. ಅಮ್ಮನ ದನಿ, ಮುಖ ಇಲ್ಲ: ಪಾತ್ರೆ ಮಾತು. "ಓಡೋರು" ಅಂದ ತಕ್ಷಣ ಕಟ್, ಎರಡು ಸೆಕೆಂಡ್ ನಿಶ್ಶಬ್ದ.

0:13 – ಕಾರ್ಡ್: "ಮಾರಿಕುಪ್ಪಂ, ಕೋಲಾರ ಗೋಲ್ಡ್ ಫೀಲ್ಡ್ಸ್".

0:16 – ಕತ್ತಲಲ್ಲಿ ಮಗಳು ಬಾಗಿಲು ಎಳ್ಕೊಂಡು ಹೊರಡ್ತಾಳೆ. ಸ್ಟೇಷನ್. ರೈಲು ಮನೆಗಳ ಹಿಂದೆ ಹಾದುಹೋಗುತ್ತೆ, ಪಾತ್ರೆ ಅಲುಗುತ್ತೆ. ರೈಲಿನೊಳಗೆ ಅವಳ ಮುಖ, ಅದರ ಮೇಲೆ ಅವಳದೇ ದನಿ: "ಅಪ್ಪ ಒಂದ್ಸಲ ಹೂಂ ಅಂದಿದ್ರೆ..."

0:42 – ಅಪ್ಪ ಹಗಲಲ್ಲಿ ಒಬ್ರೇ ಮನೇಲಿ. ಅವರ ಕೆಲ್ಸ, ಅವರ ಕೈ, ಅವರದೇ ವೇಗ. ಬಾಗಿಲಾಚೆ ಗಣಿ ತ್ಯಾಜ್ಯದ ಸೈನೈಡ್ ದಿಬ್ಬ. ಹತ್ತು ಸೆಕೆಂಡ್ ಏನೂ ಮಾತಿಲ್ಲ. ಆಮೇಲೆ: "ನಾನು ಈ ಮನೆಗಿಂತ ಇದರ ಕೆಳಗೇ ಜಾಸ್ತಿ ಇದ್ದೆ."

1:04 – ಕಾರ್ಡ್: "2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು." ಇಡೀ ಟ್ರೇಲರಲ್ಲಿ ಒಂದೇ ಇಸವಿ.

1:08 – ಇಲ್ಲಿಂದ ಮ್ಯೂಸಿಕ್ ಏರುತ್ತೆ, ಶಾಟ್‌ಗಳು ಚಿಕ್ಕದಾಗ್ತಾ ಬರ್ತವೆ. ದಿಬ್ಬದಿಂದ ಏಳೋ ಧೂಳು, ಬೀಗ ಹಾಕಿದ ಪಕ್ಕದ ಮನೆ, ಮಗಳು ಬಾಡಿಗೆ ಮನೆ ನೋಡ್ತಿರೋದು, ಊಟದಲ್ಲಿ ಇಬ್ರೂ ಮಾತಾಡದೆ ಕೂತಿರೋದು.

1:34 – ಮ್ಯೂಸಿಕ್ ಪೂರ್ತಿ ಕಟ್. ಮಗಳ ಕ್ಲೋಸಪ್: "ನೀನು ಬರಲ್ಲ ಅಂದ್ರೆ ಬಿಟ್ಟು ಹೋಗ್ತೀನಿ ಅಂದೆ."

1:40 – ಟೈಟಲ್.

1:46 – ಟೈಟಲ್ ಆದ್ಮೇಲೆ ಮತ್ತೆ ಅದೇ ಕ್ಲೋಸಪ್. ಕ್ಯಾಮೆರಾ ಹಿಂದಿಂದ ನಿಮ್ಮ ದನಿ: "ಅದಕ್ಕೆ ಏನಂದ್ರು?" ಅವಳು ಬಾಯಿ ತೆರೀತಾಳೆ, ಕಟ್.

1:53 – ಹೆಸರುಗಳು.

ಮಾತು ಎಲ್ಲಾ ಸೇರಿ ಮೂವತ್ತು ಪದದ ಆಸುಪಾಸು, ನಿಧಾನಕ್ಕೆ ಆಡಿದ್ರೂ ಇಪ್ಪತ್ತೈದು ಸೆಕೆಂಡ್ ಮುಟ್ಟಲ್ಲ. ಕಮ್ಮಿ ಆಯ್ತು ಅಂತ ಸೇರಿಸೋಕೆ ಹೋಗ್ಬೇಡಿ, ಆ ಜಾಗ ಮುಖಗಳಿಗೆ ಮತ್ತೆ ಸಬ್‌ಟೈಟಲ್ ಓದೋಕೆ ಬೇಕಾಗುತ್ತೆ.

ಧಾರವಾಡದಾಂವ

ಕಡೀಗೆ ಬಾಯಿ ತಗದಾಗ ಕಟ್ ಮಾಡೋದು ಭಾರಿ ಐತ್ರಿ. ಆದ್ರ ನನ್ನ ಐದು ಸೆಕೆಂಡಿನ ಮಾತಿಗೆ ಏನೂ ಹೇಳಲಿಲ್ಲ ನೀವು.

ಕತ್ತರಿ_ಟೇಬಲ್

ಅದು ಅರ್ಧ ಸರಿ ಇದೆ ಸರ್. ಫೀಡಲ್ಲಿ ಬರೋ ವರ್ಷನ್‌ಗೆ ಮೊದಲೇ ಹಿಡಿಯೋ ಏನೋ ಒಂದು ಬೇಕೇ ಬೇಕು, ಕಪ್ಪು ಪರದೆ ಅಲ್ಲಿ ಕೆಲ್ಸ ಮಾಡಲ್ಲ, ನೇರ ಪಾತ್ರೆ ಶಾಟಿಂದ ಶುರು ಮಾಡ್ಬೇಕು. ಆದ್ರೆ ಬೆಸ್ಟ್ ಶಾಟೆಲ್ಲ ಮೊದಲೇ ಸುರಿದ್ರೆ 1:08ರಿಂದ ಏರೋಕೆ ಏನೂ ಉಳಿದಿರಲ್ಲ. ಇವರು ಕಳಿಸ್ತಿರೋದು ಫೆಸ್ಟಿವಲ್ ಆಯ್ಕೆಯವರಿಗೆ, ಅವರು ನೋಡೋಕೇ ಕೂತಿರ್ತಾರೆ, ಸ್ಕ್ರಾಲ್ ಮಾಡಲ್ಲ. ಒಂದೇ ಸ್ಕ್ರಿಪ್ಟಿಗೆ ಎರಡು ಆರಂಭ ಬರೆದಿಟ್ಕೊಳ್ಳೋದು ಒಳ್ಳೇದು.

ಬೆಳಗಿನ_ರೈಲು

ಥ್ಯಾಂಕ್ಯೂ, ನಿಜವಾಗ್ಲೂ. ಪಾತ್ರೆ ಶಾಟ್ ನಮ್ಮ ಹತ್ರ ಇದೆ, ರೈಲು ಹೋಗುವಾಗ ಅಲುಗೋದು, ಸದ್ದೂ ಕ್ಲೀನಾಗಿ ಸಿಕ್ಕಿದೆ. ಅಪ್ಪ ಹಗಲಲ್ಲಿ ರೇಡಿಯೋ ಬಿಚ್ಚಿ ರಿಪೇರಿ ಮಾಡ್ತಾರೆ, ಒಂದು ಸಣ್ಣ ಸ್ಕ್ರೂ ಕೆಳಗೆ ಬಿದ್ದು ಅಂಗೈಯಲ್ಲಿ ನೆಲ ಸವರಿ ಹುಡುಕ್ತಾರೆ. 0:42ಕ್ಕೆ ಅದೇ ಹಾಕ್ತೀನಿ. ಎರಡು ಡೌಟ್ ಇದೆ. ವಾಯ್ಸ್ ಓವರ್ ಪೂರ್ತಿ ತೆಗೆದ್ರೆ ಹೊರಗಿನವರಿಗೆ ಊರು ಅರ್ಥ ಆಗುತ್ತಾ? ಮತ್ತೆ ಊರ ಹೆಸರು ಕೇಳಿದ್ರೆ ಜನಕ್ಕೆ ಸಿನಿಮಾನೇ ನೆನಪಾಗೋದು, ಅದಕ್ಕೇನು ಮಾಡೋದು?

ಮೈಸೂರ್_ಮಂಜ

ಸಿನಿಮಾ ನೆನಪಾದ್ರೆ ಒಳ್ಳೇದೇ ಅಲ್ವಾ, ಕ್ಲಿಕ್ ಜಾಸ್ತಿ ಬರುತ್ತೆ.

ಆಂಡರ್ಸನ್‌ಪೇಟೆ_ಮೊಮ್ಮಗಳು

ಬೇಡಪ್ಪ. ಚಿನ್ನ, ಗನ್ನು ಅಂತ ನೋಡೋಕೆ ಬಂದೋರು ಅರ್ಧಕ್ಕೇ ಎದ್ದು ಹೋಗ್ತಾರೆ. ಮೂರಕ್ಷರ ಹಾಕದೆ ಮಾರಿಕುಪ್ಪಂ ಅಂತಷ್ಟೇ ಹಾಕಿ, ಸಾಕು.

ಕತ್ತರಿ_ಟೇಬಲ್

ಕಾರ್ಡಲ್ಲಿ ಪೂರ್ತಿ ಹೆಸರು ಬರೆಯೋದಕ್ಕೆ ನಂದು ಒಪ್ಪಿಗೆ ಇದೆ, ಮೊಮ್ಮಗಳು ಅವರದು ಬೇರೆ ಅಭಿಪ್ರಾಯ, ಇದು ನಿಮ್ಮ ತೀರ್ಮಾನ. ಹೊರಗಿನ ಜ್ಯೂರಿಗೆ ಬರೀ ಮಾರಿಕುಪ್ಪಂ ಅಂದ್ರೆ ಏನೂ ಗೊತ್ತಾಗಲ್ಲ ಅನ್ನೋದನ್ನ ಮಾತ್ರ ಯೋಚ್ನೆ ಮಾಡಿ.

ವಾಯ್ಸ್ ಓವರ್ ಬಗ್ಗೆ: ಫಿಲ್ಮಲ್ಲಿ ನಿರೂಪಣೆ ಇದೆಯಾ? ಇಲ್ಲಾಂದ್ರೆ ಟ್ರೇಲರಲ್ಲೂ ಬೇಡ, ಟ್ರೇಲರಲ್ಲಿ ಕೇಳಿದ ದನಿ ಫಿಲ್ಮಲ್ಲಿ ಇಲ್ಲದೇ ಹೋದ್ರೆ ನೋಡೋರಿಗೆ ಬೇರೆ ಫಿಲ್ಮಿಗೆ ಬಂದ ಹಾಗಾಗುತ್ತೆ. ಊರು ಎಷ್ಟು ಅರ್ಥ ಆಗ್ಬೇಕು ಅಂದ್ರೆ, ಮಗಳು ಯಾಕೆ ಹೋಗ್ಬೇಕು ಅಪ್ಪ ಯಾಕೆ ಹೋಗಲ್ಲ ಅಂತ ಗೊತ್ತಾಗೋಷ್ಟು ಸಾಕು. ಜಾನ್ ಟೇಲರ್, ಶಿವನಸಮುದ್ರ ಎಲ್ಲಾ ಫಿಲ್ಮಲ್ಲಿ ಬರ್ಲಿ.

ಸೌಂಡ್_ಮೇಷ್ಟ್ರು

ಸಬ್‌ಟೈಟಲ್ ವಿಷ್ಯ ಒಂದು ಹೇಳ್ತೀನಿ. ಅಮ್ಮನ ಮಾತು ತಮಿಳಲ್ಲಿ ವೇಗವಾಗಿದ್ರೆ ಕನ್ನಡ ಸಬ್‌ಟೈಟಲ್ ಒಂದೇ ಸಲ ಎರಡು ಸಾಲು ತುಂಬುತ್ತೆ, ನೋಡೋರು ಓದಿ ತಲೆ ಎತ್ತೋಷ್ಟರಲ್ಲಿ ಪಾತ್ರೆ ಶಾಟ್ ಮುಗಿದಿರುತ್ತೆ. "ಮನೇಲಿ ಪಾತ್ರೆ ಅಲುಗಿದ್ರೆ ಸಾಕು" ಅಂತ ಒಂದು, ಮಿಕ್ಕಿದ್ದು ಇನ್ನೊಂದು, ಹೀಗೆ ಒಡೀರಿ. ಮುಖ್ಯವಾದ ಪದ ಅವರ ಬಾಯಿಂದ ಬರೋಕೆ ಮುಂಚೆ ಪರದೆ ಮೇಲೆ ಬಂದ್ರೆ ಆ ಮಾತು ಸತ್ತ ಹಾಗೆ, ಅದಕ್ಕೆ "ಓಡೋರು" ಅನ್ನೋದು ಎರಡನೇ ಸಬ್‌ಟೈಟಲಿನ ಕೊನೇಲೇ ಇರ್ಲಿ. ಸಬ್‌ಟೈಟಲ್ ಇರೋವಾಗ ಶಾಟ್ ಬದಲಾಯಿಸೋದನ್ನೂ ಆದಷ್ಟು ಕಮ್ಮಿ ಮಾಡಿ.

ಇನ್ನೊಂದು ಪ್ರಶ್ನೆ ಇದೆ. ಬಂಡೆ ಸಿಡಿತದ ಮಾತಿಗೆ ರೈಲಿಗೆ ಅಲುಗಿದ ಪಾತ್ರೆ ತೋರ್ಸೋದು ಸರಿನಾ? ಅಪ್ಪನ ಮಾತು ಕತ್ತರಿಸ್ಬೇಡಿ ಅಂದವರು ಇದನ್ನ ಹೇಗೆ ಒಪ್ಕೊಂಡ್ರಿ?

ಕತ್ತರಿ_ಟೇಬಲ್

ಮೇಷ್ಟ್ರೇ ನ್ಯಾಯವಾದ ಪ್ರಶ್ನೆ. ಅದಕ್ಕೇ 0:16ರ ಭಾಗದಲ್ಲಿ ರೈಲು ಹಾದುಹೋಗುವಾಗ ಅದೇ ಪಾತ್ರೆ ಮತ್ತೆ ಅಲುಗೋದನ್ನ ಇಟ್ಟಿದ್ದು, ಮೊದಲು ನೋಡಿದ್ದು ಯಾವುದು ಅಂತ ಅಲ್ಲೇ ಗೊತ್ತಾಗುತ್ತೆ. ಅಮ್ಮ ಹೇಳ್ತಿರೋದು ಹಿಂದಿನ ಕಾಲದ ಮಾತು ಅಂತಾನೂ "ಓಡೋರು" ಅನ್ನೋದ್ರಲ್ಲೇ ಇದೆ. ರೈಲಿನ ಶಾಟ್ ಕಿತ್ತಾಕಿದ್ರೆ ಮಾತ್ರ ಮೋಸ ಆಗುತ್ತೆ.

ಸೌಂಡ್_ಮೇಷ್ಟ್ರು

ನನಗಿನ್ನೂ ಪೂರ್ತಿ ಒಪ್ಪಿಗೆ ಇಲ್ಲ. ಪಾತ್ರೆ ಸುಮ್ಮನೆ ನಿಂತಿರೋ ಶಾಟ್ ಹಾಕಿ ಮಾತು ಮಾತ್ರ ಕೇಳ್ಸಿದ್ರೆ ಇನ್ನೂ ಬಿಗಿಯಾಗಿರುತ್ತೆ ಅಂತ ನನ್ನ ಅನಿಸಿಕೆ. ಏನೇ ಮಾಡಿದ್ರೂ ಲೈಬ್ರರಿಯಿಂದ ಗುಡುಗು ಥರ ಬಾಸ್ ಸೌಂಡ್ ತಂದು ಹಾಕ್ಬೇಡಿ, ಅಲ್ಲಿ ಇಲ್ಲದೇ ಇರೋ ಸದ್ದು ಅದು.

ಬೆಳಗಿನ_ರೈಲು

ಎರಡೂ ಥರ ಕಟ್ ಮಾಡಿ ನೋಡ್ತೀನಿ ಸರ್.

ಒಂದು ಅಪ್‌ಡೇಟ್. ಈ ಸ್ಕ್ರಿಪ್ಟನ್ನ ಫಿಲ್ಮ್ ಬಗ್ಗೆ ಏನೂ ಗೊತ್ತಿಲ್ದಿರೋ ಇಬ್ಬರಿಗೆ ಓದಿ ಹೇಳ್ದೆ. ಒಬ್ರು ಮುಗಿದ ತಕ್ಷಣ "ಹೋದ್ಲಾ ಇಲ್ವಾ?" ಅಂದ್ರು. ಇನ್ನೊಬ್ರು "ಆ ಅಜ್ಜಿ ಶಾಫ್ಟ್ ಹತ್ರ ಯಾಕೆ ಓಡೋರು?" ಅಂದ್ರು. ಎರಡನೇದು ನನಗೆ ಚಿಂತೆ ಆಗಿದೆ, ಅರ್ಥ ಆಗಿಲ್ಲ ಅಂತ ತಾನೇ?

ಕತ್ತರಿ_ಟೇಬಲ್

ಮೊದಲನೆಯವರ ಪ್ರಶ್ನೆ ಬೇಕಾಗಿದ್ದೇ. "ಚೆನ್ನಾಗಿದೆ, ಪಾಪ ಅವರ ಕಷ್ಟ" ಅಂದಿದ್ರೆ ಟ್ರೇಲರ್ ಕೆಲ್ಸ ಮಾಡಿಲ್ಲ ಅಂತ. ಎರಡನೆಯವರದು ಹತ್ತನೇ ಸೆಕೆಂಡಲ್ಲಿ ಹುಟ್ಟಿದ್ರೆ ಒಳ್ಳೇದು, ಮುಗಿದ ಮೇಲೂ ಅದೇ ಉಳಿದಿದ್ರೆ ತೊಂದರೆ, ಯಾಕಂದ್ರೆ ಕೊನೇಲಿ ತಲೇಲಿ ಮಗಳೇ ಇರ್ಬೇಕು. ಅಪ್ಪನ ಇಂಟರ್ವ್ಯೂಲಿ ಬಂಡೆ ಸಿಡಿತದ ಬಗ್ಗೆ ಐದಾರು ಪದದ ಮಾತು ಏನಾದ್ರೂ ಇದ್ರೆ 1:04ರ ಕಾರ್ಡಿಗೆ ಮುಂಚೆ ಇಡಿ. ಇಲ್ಲಾಂದ್ರೆ ಕಾರ್ಡ್ ಬರೆದು ವಿವರಿಸೋಕೆ ಹೋಗ್ಬೇಡಿ.

ಬೆಳಗಿನ_ರೈಲು

ಇದೆ! "ಮೇಲೆ ಪಾತ್ರೆ ಅಲುಗಿದ್ರೆ, ಕೆಳಗೆ ನಮ್ಮ ಮೇಲೆ ಬಂಡೆ." ಇಷ್ಟೇ ಹೇಳಿ ಸುಮ್ಮನಾಗ್ತಾರೆ.

ಕತ್ತರಿ_ಟೇಬಲ್

ಹಾಗಾದ್ರೆ ಅದನ್ನ ಹಾಕಿ, "ಈ ಮನೆಗಿಂತ ಕೆಳಗೇ ಜಾಸ್ತಿ ಇದ್ದೆ" ಅನ್ನೋದಾದ್ಮೇಲೆ ನಾಲ್ಕು ಸೆಕೆಂಡ್ ಗ್ಯಾಪ್ ಬಿಟ್ಟು. ಅದಕ್ಕೆ ಬೇಕಾದ ಸಮಯ 1:08ರ ಮಾಂಟಾಜಿಂದ ತೆಗೀರಿ, ಅಪ್ಪನ ರೇಡಿಯೋದಿಂದ ತೆಗಿಬೇಡಿ. ಸಮಯ ಸಾಲಲ್ಲ ಅಂದಾಗ ಎಲ್ರೂ ಮೊದಲು ಮೌನಕ್ಕೇ ಕತ್ತರಿ ಹಾಕ್ತಾರೆ, ಆ ಮೌನ ಹೋದ್ರೆ ಅವರು ಯಾಕೆ ಮನೆ ಬಿಡಲ್ಲ ಅನ್ನೋದು ಯಾವ ಮಾತಲ್ಲೂ ಬರಲ್ಲ.

ಫಿಲ್ಮಲ್ಲಿ ಹಳೇ ಗಣಿ ಫುಟೇಜ್ ಏನಾದ್ರೂ ಬಳಸಿದೀರಾ?

ಬೆಳಗಿನ_ರೈಲು

ಹೌದು, ಕಪ್ಪುಬಿಳುಪಿಂದು ಸ್ವಲ್ಪ, ಲೈಸೆನ್ಸ್ ತಗೊಂಡಿದೀವಿ. 1:08ರ ಮಾಂಟಾಜಲ್ಲಿ ಎರಡು ಶಾಟ್ ಹಾಕೋಣ ಅಂತಿದ್ದೆ.

ಕತ್ತರಿ_ಟೇಬಲ್

ಹಾಕೋಕೆ ಮುಂಚೆ ಆ ಅಗ್ರಿಮೆಂಟಲ್ಲಿ ಪ್ರಚಾರಕ್ಕೆ ಬಳಸೋ ಷರತ್ತು ಏನಿದೆ ಓದಿ. ಫಿಲ್ಮಿನೊಳಗೆ ಬಳಸೋಕೆ ಕೊಟ್ಟ ಅನುಮತಿ ಎಷ್ಟೋ ಕಡೆ ಟ್ರೇಲರಿಗೆ ಅನ್ವಯ ಆಗಲ್ಲ, ಇನ್ನು ಕೆಲವು ಕಡೆ ಫಿಲ್ಮಲ್ಲಿ ಇರೋ ಹಾಗೇ ಅದೇ ದೃಶ್ಯದ ಜೊತೆ ತೋರ್ಸಿದ್ರೆ ಮಾತ್ರ ಓಕೆ, ಬಿಡಿಸಿ ಬೇರೆ ಶಾಟ್‌ಗಳ ಮಧ್ಯೆ ಜೋಡಿಸಿದ್ರೆ ಬೇರೆ ದುಡ್ಡು. ಮ್ಯೂಸಿಕ್ಕಿಗೂ ಹೀಗೇ ನೋಡಿ. ಮುಂದೆ ಥಿಯೇಟರಲ್ಲಿ ಹಾಕೋ ಯೋಚ್ನೆ ಇದ್ರೆ ಟ್ರೇಲರಿಗೂ ಪ್ರತ್ಯೇಕ ಸೆನ್ಸಾರ್ ಸರ್ಟಿಫಿಕೇಟ್ ಬೇಕಾಗುತ್ತೆ.

ಬೆಳಗಿನ_ರೈಲು

ಅಗ್ರಿಮೆಂಟ್ ಪ್ರೊಡ್ಯೂಸರ್ ಹತ್ರ ಇದೆ, ಇವತ್ತೇ ಕೇಳ್ತೀನಿ. ಪ್ರಚಾರದ ಷರತ್ತು ಇಲ್ಲಾಂದ್ರೆ ಆ ಎರಡು ಶಾಟ್ ಬದಲು ಪಕ್ಕದ ಮನೆ ಬೀಗದ್ದೇ ಇನ್ನೊಂದು ಆ್ಯಂಗಲ್ ಹಾಕ್ತೀನಿ. ಮಗಳಿಗೂ ಆ "ಬಿಟ್ಟು ಹೋಗ್ತೀನಿ" ಮಾತು ಟ್ರೇಲರಲ್ಲಿ ಬರುತ್ತೆ ಅಂತ ಮೊದಲೇ ತೋರ್ಸಿ ಕೇಳ್ಬೇಕು, ಅವರಪ್ಪನ ಎದುರು ಅದು ಹೇಗೆ ಕೇಳಿಸುತ್ತೆ ಅಂತ ಅವಳಿಗೇ ಗೊತ್ತಿರುತ್ತೆ. ಅವಳು ಬೇಡ ಅಂದ್ರೆ 1:34ಕ್ಕೆ ಏನು ಅಂತ ಮತ್ತೆ ಇಲ್ಲೇ ಬಂದು ಕೇಳ್ತೀನಿ.